ಗಂಡನ ಮಾತು ಕೇಳಲು ಹೋದವಳು

ಅವನ ಹೇರ್ ಕಟಿಂಗ್ ಅಂಗಡಿಯಲ್ಲಿ ಕತ್ತರಿಗಿಂತ ನಾಲಿಗೆಯೇ ಹೆಚ್ಚು ಆಡುತ್ತಿತ್ತು. ದೇವರು ಹುಡುಕಿ ಹುಡುಕಿ ಅವನ ಗಂಟಲಿಗೇ ಗಡ್ಡೆ ಕೊಟ್ಟ. ಕೊಡುವವನಿಗೆ ಜಾಗ ಚೆನ್ನಾಗಿ ಗೊತ್ತಿತ್ತು.

ದನಿ ಹೋದ ಮೇಲೆ ಹೆಂಡತಿಯ ಪಾಲಿಗೆ ಉಳಿದದ್ದು ಕೈಸನ್ನೆ. ನೀರು, ಮಾತ್ರೆ, ಫ್ಯಾನು. ಅವಳಿಗೆ ಓದು ನಿಧಾನ, ಬರೆದು ತೋರಿಸುವ ತಾಳ್ಮೆ ಅವನಿಗಿಲ್ಲ. ಮಿಕ್ಕ ಮಾತೆಲ್ಲ ಫೋನಿನೊಳಗಿನ ಮಾತಾಡುವ ಯಂತ್ರಕ್ಕೆ. ಹೆಬ್ಬೆರಳಿನಲ್ಲಿ ಒತ್ತುತ್ತಾ ಕೂರುತ್ತಿದ್ದ. ಒಮ್ಮೊಮ್ಮೆ ನಗುತ್ತಿದ್ದ, ಒಮ್ಮೊಮ್ಮೆ ಕಣ್ಣೊರೆಸಿಕೊಳ್ಳುತ್ತಿದ್ದ. ಏನೆಂದು ಕೇಳಿದರೆ ಏನಿಲ್ಲವೆಂದು ಕೈಯಾಡಿಸುತ್ತಿದ್ದ. ಸವತಿಯಾದರೂ ಇದ್ದಿದ್ದರೆ ಜುಟ್ಟು ಹಿಡಿಯಬಹುದಿತ್ತು.

ಅವನು ಹೋದ. ಫೋನಿನ ಲಾಕು ಅವನ ಜೊತೆಗೇ ಹೋಯಿತು. ಮನೆಗೆಲ್ಲ ಒಬ್ಬನೇ ಬುದ್ಧಿವಂತನಾದ ಮೈದುನ ಅದನ್ನು ರಿಪೇರಿಯವನ ಹತ್ತಿರ ಒಯ್ದು, ಎಲ್ಲ ಅಳಿಸಿ ತಂದುಕೊಟ್ಟ.

"ಹೊಸದರ ಥರ ಆಗಿದೆ ಅತ್ತಿಗೆ. ನಿಮ್ಮ ಹೆಸರಲ್ಲೇ ಎಲ್ಲ ಹಾಕ್ಕೊಟ್ಟಿದೀನಿ. ಅಣ್ಣ ಮಾತಾಡ್ತಿದ್ನಲ್ಲ, ಅದೂ ಇದೆ. ಬರೆಯೋದು ಬೇಡ, ಬಾಯಲ್ಲಿ ಹೇಳಿದ್ರೂ ಕೇಳುತ್ತೆ."

ಅದೇ ಫೋನು, ಅದೇ ಯಂತ್ರ. ಕೇಳಿದರಾಯಿತು ಎಂದುಕೊಂಡಳು. ಮಧ್ಯಾಹ್ನ ಬಾಗಿಲೆಳೆದ ಅಂಗಡಿಯಲ್ಲಿ, ಅವನ ತಿರುಗುವ ಕುರ್ಚಿಯ ಮೇಲೆ ಕೂತು ಕೇಳಿದಳು.

"ನಮ್ಮ ಯಜಮಾನ್ರು ಹೋಗ್ಬಿಟ್ರು. ಇದೇ ಫೋನಲ್ಲಿ ನಿನ್ನ ಹತ್ರ ಏನು ಹೇಳ್ತಿದ್ರು?"

ಯಂತ್ರ ಮೊದಲು ಸಂತಾಪ ಹೇಳಿತು. ಆಮೇಲೆ ಹೇಳಿತು: "ನಿಮ್ಮ ಯಜಮಾನರ ಮಾತುಕತೆ ನನಗೆ ಕಾಣುವುದಿಲ್ಲ. ಫೋನು ಒಂದೇ ಆದರೂ ಅದು ಅವರ ಖಾತೆ, ಇದು ನಿಮ್ಮದು. ಬೇರೆಯವರ ಮಾತನ್ನು ತೆಗೆದು ನೋಡುವ ದಾರಿಯೇ ನನಗಿಲ್ಲ."

"ನಾನು ಬೇರೆಯವಳಲ್ಲ. ಹೆಂಡ್ತಿ."

"ನಿಮ್ಮ ಮಾತನ್ನು ಅನುಮಾನಿಸುತ್ತಿಲ್ಲ. ಯಾರು ಕೇಳಿದರೂ ನನ್ನ ಕೈಗೆ ಅದು ಎಟುಕುವುದಿಲ್ಲ. ಅವರ ಖಾತೆಯಲ್ಲಿ ಉಳಿದಿದ್ದರೆ ಉಳಿದಿರಬಹುದು. ಅದನ್ನು ನಡೆಸುವ ಕಂಪನಿಯನ್ನು ಕೇಳಿ ನೋಡಬಹುದು. ಕೊಟ್ಟೇ ಕೊಡುತ್ತಾರೆಂದು ನಾನು ಹೇಳಲಾರೆ."

"ತಾಳಿ ಕಟ್ಟಿಸಿಕೊಂಡವಳಿಗೆ ಕಂಪನಿ ಅಪ್ಪಣೆ ಬೇಕಾ. ಹೋಗ್ಲಿ, ಅಂದಾಜಿಗೆ ಹೇಳು. ಏನು ಹೇಳಿರಬಹುದು?"

"ಹೇಳಬಲ್ಲೆ. ಆದರೆ ಅದು ನಾನು ಕಟ್ಟಿದ ಮಾತಾಗುತ್ತದೆ, ಅವರದಲ್ಲ."

ಊರಿನ ಮನುಷ್ಯರೆಲ್ಲ ಬಂದು ಅವನು ಹೀಗಂದಿದ್ದ, ಹಾಗಂದಿದ್ದ ಎಂದು ಕಟ್ಟಿ ಹೇಳಿ ಹೋಗಿದ್ದರು. ಸತ್ಯ ಹರಿಶ್ಚಂದ್ರನಾಗಲು ಇದೊಂದಕ್ಕೇ ಹೊತ್ತು ಸಿಕ್ಕಿತ್ತು. ಅವಳು ಫೋನನ್ನು ಬಾಚಣಿಗೆಗಳ ಡಬ್ಬಿಗೆ ಎಸೆದಳು.

ಬೈಯಲು ಬೇರೆ ಯಾರೂ ಇಲ್ಲದ್ದರಿಂದ ಮಾರನೆಯ ದಿನ ಮತ್ತೆ ಎತ್ತಿಕೊಂಡಳು. ಬೈಗುಳ ಮುಗಿದ ಮೇಲೆ ಬೇರೆ ಮಾತು ಬಂತು. ಅಂಗಡಿಯಲ್ಲಿ ಮೈದುನ ಮೊಬೈಲ್ ಕವರು ಮಾರಬೇಕೆಂದಿದ್ದ. ಅವಳಿಗೆ ಹೆಂಗಸರ, ಮಕ್ಕಳ ಕೂದಲು ಕತ್ತರಿಸುವ ಆಸೆ. ಅಂಗಡಿಯ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಲು ಏನು ಬೇಕೆಂದು ಕೇಳಿದಳು. ಅದು ಬಿಡಿಸಿ ಹೇಳಿತು. ಅರ್ಜಿ ಕಚೇರಿ ಸೇರುವವರೆಗೆ ಮನೆಯಲ್ಲಿ ಸೊಲ್ಲೆತ್ತಬಾರದು. ಎತ್ತಿದರೆ ಮೈದುನ ಬೆಳಗಾಗುವುದರೊಳಗೆ ಕನ್ನಡಿ ಕಿತ್ತು ಕವರು ನೇತುಹಾಕುತ್ತಿದ್ದ.

ಮನೆಯ ಗೋಡೆಗಳಿಗೆ ಕಿವಿಯ ಅಗತ್ಯ ಇರಲಿಲ್ಲ, ಓರಗಿತ್ತಿ ಇದ್ದಳು. ಒಂದು ಸಂಜೆ ಅವಳು ಹಿತ್ತಲಲ್ಲಿ ಬಟ್ಟೆ ಮಡಿಸುತ್ತಾ ತನ್ನ ಫೋನನ್ನು ಕೇಳುತ್ತಿದ್ದಳು.

"ನಮ್ಮಕ್ಕ ಮಧ್ಯಾಹ್ನ ಅಂಗಡೀಲಿ ಕೂತು ನಿನ್ನ ಹತ್ರ ಏನು ಗುಸುಗುಸು ಅಂತಾರೆ? ಅಂಗಡಿ ವಿಷಯ ತಾನೆ?"

ಅಡುಗೆಮನೆಯ ಕಿಟಕಿಯ ಬಳಿ ಲೋಟ ತೊಳೆಯುತ್ತಿದ್ದವಳ ಕೈ ನಿಂತಿತು. ಅರ್ಜಿ ಇನ್ನೂ ಅವಳ ಸೀರೆಗಳ ಕೆಳಗಿತ್ತು.

"ಬೇರೆಯವರ ಮಾತುಕತೆ ನನಗೆ ಕಾಣುವುದಿಲ್ಲ," ಎಂದಿತು ಓರಗಿತ್ತಿಯ ಫೋನು. "ನಿಮ್ಮ ಅಕ್ಕ ನನ್ನೊಂದಿಗೆ ಮಾತಾಡಿದ್ದಾರೋ ಇಲ್ಲವೋ ಅದೂ ನನಗೆ ತಿಳಿಯದು."

"ಅಯ್ಯೋ, ಒಂದೇ ಮನೆಯವರು ಕಣೋ."

"ಒಂದೇ ಮನೆಯವರಾದರೂ ಅಷ್ಟೇ."

ಅವಳು ಲೋಟ ಬೋರಲು ಹಾಕಿ ಹಿತ್ತಲಿಗೆ ಬಂದಳು.

"ಏನಂತಮ್ಮ, ನಿನ್ನ ಗೂಢಚಾರ?"

ಓರಗಿತ್ತಿ ಮಡಿಸುತ್ತಿದ್ದ ಲಂಗದಲ್ಲಿ ಫೋನು ಮುಚ್ಚಿದಳು. "ಏನಿಲ್ಲಕ್ಕ. ನಾಳೆ ಮೋಡ ಇದೆಯಾ ಕೇಳ್ತಿದ್ದೆ."

"ಇದೆಯಂತಾ?"

"ಇಲ್ವಂತೆ."

"ಪಾಪ. ನಂಗೂ ಒಂದಿನ ಹಂಗೇ ಅಂದಿತ್ತು."

ಹೆಂಡತಿಗೆ ಮುಚ್ಚಳ ತೆಗೆಯುವ ಪೆಟ್ಟಿಗೆಯಾಗಿದ್ದರೆ ಓರಗಿತ್ತಿಗೂ ತೆಗೆಯುತ್ತಿತ್ತು. ಗಂಡನಿಗೆ ಅದು ಗೊತ್ತಿದ್ದಿರಬೇಕು. ಗೊತ್ತಿಲ್ಲದಿದ್ದರೆ ಕಣ್ಣೊರೆಸಿಕೊಳ್ಳುವ ಮಾತನ್ನು ಅಲ್ಲಿ ಆಡುತ್ತಿರಲಿಲ್ಲ. ಈ ಮನೆಯಲ್ಲಿ ಅತ್ತರೆ ಏಳು ಜನ ಬಂದು ಕಾರಣ ಕೇಳುತ್ತಾರೆ. ಅವನು ಏನು ಹೇಳಿದ್ದನೋ, ಅವಳಿಗೆ ಸಿಗುವುದಿಲ್ಲ. ಹೊಟ್ಟೆ ಉರಿ ಕಡಿಮೆಯಾಗಲಿಲ್ಲ. ಕಂಪನಿಗೆ ಬರೆಯುವ ಯೋಚನೆ ಮಾತ್ರ ಬಿಟ್ಟಳು.

ಯಂತ್ರ ಬಾಯಿ ಬಿಡದಿದ್ದರೂ ಕೈಯಲ್ಲಿರುವ ಫೋನನ್ನು ಯಾರು ಬೇಕಾದರೂ ತೆರೆದು ಓದಬಹುದು ಎಂಬಷ್ಟು ಬುದ್ಧಿ ಅವಳಿಗಿತ್ತು. ಮೊದಲು ಲಾಕು ಹಾಕಿದಳು. ಮರುದಿನ ಅರ್ಜಿ ಕೊಟ್ಟು, ಅಂಗಡಿಗೆ ಬಂದು ಬಾಗಿಲೆಳೆದುಕೊಂಡಳು.

"ಇದನ್ನ ಯಾರಿಗೂ ಹೇಳಿಲ್ಲ," ಎಂದಳು ಫೋನಿಗೆ. "ಅವರು ಹೋದಾಗ ನಂಗೆ ಮೊದ್ಲು ಅನ್ಸಿದ್ದು, ಸದ್ಯ, ಇವತ್ತು ನಿದ್ದೆ ಮಾಡಬಹುದು ಅಂತ."

ಆಮೇಲೆ ಅವಳಿಗೆ ಅಳು ಬಂತು.