ಕೆಮ್ಮಣ್ಣಿನ ಕೆಳಗೆ ಮುಚ್ಚಿಹೋದ ಗೆರೆ

ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದಾರಾ? ಅವರಿಗೆ ಉಗುರಿನಷ್ಟು ಗಾಯ ಆಗಿ, ಎರಡು ಮೂರು ದಿನದಲ್ಲೇ ಕಾಲು ಕೆಂಪಾಗಿ ಊದಿಕೊಂಡದ್ದು ಇದೆಯಾ? ನಮ್ಮಮ್ಮನಿಗೆ ಹಾಗೆ ಆಗಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತು. ಆಗ ನಾವು ಕುರುಬರಹಳ್ಳಿಯಲ್ಲಿದ್ದೆವು.

ಗೇಟಿನ ತಗಡು ತಾಗಿ ಅಮ್ಮನ ಕಣಕಾಲಿನ ಹತ್ತಿರ ಚರ್ಮ ಸೀಳಿತ್ತು. ರಂಗೋಲಿಯ ಮೇಲೆ ರಕ್ತದ ಹನಿ ಬಿದ್ದದ್ದನ್ನು ನೋಡಿದ ಮೇಲೇ ಅವಳಿಗೆ ಗೊತ್ತಾದದ್ದು. ವರ್ಷಗಳಿಂದ ಪಾದಕ್ಕೆ ಜೋಮು. ನೋವೇ ಇಲ್ಲವಲ್ಲ ಎಂದು ಅರಿಸಿನ ಮೆತ್ತಿಕೊಂಡು ಸುಮ್ಮನಾದಳು. ಮೂರನೇ ದಿನ ಕಾಲು ಮುಟ್ಟಿದರೆ ಬಿಸಿ, ಕೆಂಪು.

ಕ್ಲಿನಿಕ್ಕಿನ ಡಾಕ್ಟರು ನೋಡಿ ಮಾತ್ರೆ ಬರೆದರು. ಆಮೇಲೆ ಬಾಲ್ ಪೆನ್ನಿನಿಂದ ಕೆಂಪಿನ ಅಂಚಿಗೆ ಸರಿಯಾಗಿ ಕಾಲಿನ ಸುತ್ತ ಒಂದು ಗೆರೆ ಎಳೆದರು.

"ಇದು ಸೆಲ್ಯುಲೈಟಿಸ್, ಚರ್ಮದೊಳಗಿನ ಇನ್ಫೆಕ್ಷನ್. ಶುಗರ್ ಇರೋರಿಗೆ ಬೇಗ ಹರಡುತ್ತೆ. ಕಾಲು ಎತ್ತರಕ್ಕಿಟ್ಟು ಮಲಗ್ಸಿ. ಕೆಂಪು ಈ ಗೆರೆ ದಾಟಿ ಮೇಲಕ್ಕೆ ಹೋದ್ರೆ, ಚಳಿಜ್ವರ ಬಂದ್ರೆ, ವಾಂತಿ ಆದ್ರೆ ಮಾತ್ರೆ ನಂಬ್ಕೊಂಡು ಕೂರ್ಬೇಡಿ. ನರಕ್ಕೆ ಇಂಜೆಕ್ಷನ್ ಕೊಡ್ಬೇಕಾಗುತ್ತೆ. ಏನೂ ಆಗ್ದಿದ್ರೂ ನಾಳೆ ಬಂದು ತೋರ್ಸಿ."

ಮನೆಗೆ ಕರೆತಂದು ಮಲಗಿಸಿ ನಾನು ಕೆಲಸಕ್ಕೆ ಹೋದೆ. ಸಂಜೆ ಬರುವಷ್ಟರಲ್ಲಿ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಮಲ್ಲತ್ತಹಳ್ಳಿಯಿಂದ ಬಂದು ಕೂತಿದ್ದಳು. ಅಮ್ಮನ ಕಾಲಿಗೆ ಮಂಡಿಯವರೆಗೂ ಕೆಮ್ಮಣ್ಣು ಬಳಿದಾಗಿತ್ತು.

"ಏನ್ ದೊಡ್ಡಮ್ಮ ಇದು?"

"ಸರ್ಪಸುತ್ತು ಕಣೇ ಇದು. ಸುತ್ತಿನ ಬಾಲ, ತಲೆ ಕೂಡಿದ್ರೆ ಜೀವಕ್ಕೇ ಅಪಾಯ. ಆ ಡಾಕ್ಟ್ರು ನೋಡು, ಪೆನ್ನಲ್ಲಿ ಗೆರೆ ಎಳ್ದು ಅವನೇ ಕೂಡ್ಸವ್ನೆ!"

"ಅದು ಸರ್ಪಸುತ್ತಲ್ಲ, ಗಾಯದ ಇನ್ಫೆಕ್ಷನ್. ತೊಳೀತೀನಿ ಬಿಡು."

"ಮೂರು ದಿನ ನೀರು ಸೋಕುಸ್ಬಾರದು. ತೊಳ್ದೀಯಾ, ನಿಮ್ಮಮ್ಮನಿಗೇನಾದ್ರೂ ಆದ್ರೆ ನೀನೇ ಹೊಣೆ!"

ಅಮ್ಮನೂ "ತಂಪಾಗೈತೆ, ಇರ್ಲಿ ಬಿಡೇ" ಎಂದಳು. ನಾನು ಬಿಟ್ಟೆ. ತಪ್ಪು ಪೂರ್ತಿ ದೊಡ್ಡಮ್ಮನ ಮೇಲೆ ಹಾಕುವುದಿಲ್ಲ. ಓದಿದವಳು ನಾನು, ಹೆದರಿದವಳೂ ನಾನೇ. ಅಡುಗೆಮನೆಗೆ ಹೋಗುತ್ತೇನೆ, ವಾಪಸ್ ಬಂದು ಆ ಕಾಲನ್ನೇ ನೋಡುತ್ತೇನೆ. ಕೆಂಪು ಮಣ್ಣಿನ ಕೆಳಗೆ ಕೆಂಪು ಚರ್ಮ ಎಲ್ಲಿಯವರೆಗೆ ಬಂದಿದೆ ಅಂತ ಯಾರು ಹೇಳಬೇಕು?

ಬೆಳಿಗ್ಗೆ ಅಮ್ಮ ಕಾಫಿ ಬೇಡ ಎಂದಳು. ಕಾಫಿ! ಕೈ ಮುಟ್ಟಿದೆ, ಸುಡುತ್ತಿತ್ತು; ಚಳಿಗೆ ಗಡಗಡ ನಡುಗುತ್ತಿದ್ದಳು. ಚೊಂಬಿನಲ್ಲಿ ನೀರು ತಂದು, ದೊಡ್ಡಮ್ಮ ಬೈಯುತ್ತಿದ್ದರೂ ಕೇಳದೆ ಮಣ್ಣು ತೊಳೆದೆ. ಗೆರೆ ಮಸುಕಾಗಿ ಉಳಿದಿತ್ತು. ಕೆಂಪು ಅದನ್ನು ದಾಟಿ ಒಂದು ಗೇಣು ಮೇಲಕ್ಕೆ, ಮಂಡಿಯ ಹತ್ತಿರಕ್ಕೆ ಬಂದಿತ್ತು. ದೊಡ್ಡಮ್ಮ ಬೈಗುಳ ಬಿಟ್ಟು ಆಟೋ ಕರೆಯಲು ಹೊರಗೋಡಿದಳು.

ಆಟೋದಲ್ಲಿ ನೇರ ಆಸ್ಪತ್ರೆಗೆ. ಸಕ್ಕರೆ ಮುನ್ನೂರ ಎಂಬತ್ತು. ಅಲ್ಲಿನ ಡಾಕ್ಟರು ಕಾಲನ್ನು ಒತ್ತಿ ನೋಡಿದರು, ಗುಳ್ಳೆ, ಕೀವು ಇದೆಯಾ ಎಂದು ಹುಡುಕಿದರು.

"ಕಾಲು ಉಳಿಯುತ್ತಾ ಸಾರ್?"

"ಚರ್ಮ ಕಪ್ಪಾಗಿಲ್ಲ, ಒಳಗೆ ಕೀವಿನ ಗುರುತೂ ಇಲ್ಲ. ಅಷ್ಟು ಒಳ್ಳೇದು. ಆದ್ರೆ ಜ್ವರ ಇದೆ, ಶುಗರ್ ಏರಿದೆ, ಬೇಗ ಹರಡ್ತಾ ಇದೆ. ಮಾತ್ರೆ ಸಾಕಾಗಲ್ಲಮ್ಮ. ಎರಡು ದಿನ ನೋಡೋಣ. ಈಗ್ಲೇ ಮಾತು ಕೊಡಲ್ಲ."

ಮೊದಲು ಚರ್ಮಕ್ಕೆ ಚೂರು ಔಷಧಿ ಚುಚ್ಚಿ, ಅಲರ್ಜಿ ಇಲ್ಲ ಅಂತ ನೋಡಿದರು. ಆಮೇಲೆ ಕೈನರಕ್ಕೆ ಸೂಜಿ ಕೂರಿಸಿ ಆಂಟಿಬಯಾಟಿಕ್ ಹರಿಸಿದರು. ಜೊತೆಗೆ ಇನ್ಸುಲಿನ್. ಕಾಲಿನ ಕೆಳಗೆ ಎರಡು ದಿಂಬು, ಕಾಲಿನ ಮೇಲೆ ಹೊಸ ಗೆರೆ.

ಆ ಗೆರೆಯನ್ನು ನಾನು ಎಷ್ಟು ಸಲ ನೋಡಿದೆನೋ. ಕೊನೆಗೆ ನರ್ಸ್, "ಅಕ್ಕಾ, ನೀವು ಗುರಾಯ್ಸಿದ್ರೆ ಅದು ಇಳಿಯಲ್ಲ. ಹೋಗಿ ಏನಾದ್ರೂ ತಿನ್ನಿ" ಎಂದಳು. ಕಾರಿಡಾರಿಗೆ ಹೋಗಿ ತಿರುಗಿ ಬರುತ್ತಿದ್ದೆ. ಮೊದಲ ದಿನ ಕೆಂಪು ಆ ಹೊಸ ಗೆರೆಯ ಮೇಲೇ ನಿಂತಿತ್ತು. ಮಾರನೇ ದಿನ ಜ್ವರ ಬಿಟ್ಟಿತು, ಕೆಂಪು ಅಲುಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಮುದ್ದೆ ಸಾರು ತಂದಿದ್ದ ದೊಡ್ಡಮ್ಮ ಹೊದಿಕೆ ಸರಿಸಿ ಬಗ್ಗಿ ನೋಡಿದಳು.

"ಏ, ಬಾರೇ ಇಲ್ಲಿ! ಕೆಂಪು ಆ ಗೆರೆಯಿಂದ ಕೆಳಕ್ಕೆ ಹೋಗೈತೆ!"

ನಿಜ. ಎರಡು ಬೆರಳಗಲ ಹಿಂದೆ ಸರಿದಿತ್ತು. ಊತ ಇಳಿದು ಚರ್ಮ ಸುಕ್ಕಾಗಿತ್ತು.

"ಮುದ್ದೆ ತಿನ್ಲಾ?" ಎಂದಳು ಅಮ್ಮ.

"ಅರ್ಧ ಮಾತ್ರ. ಶುಗರ್ ಇದೆ" ಎಂದಳು ದೊಡ್ಡಮ್ಮ, ತಾನೇ ಡಾಕ್ಟರೆನ್ನುವ ಹಾಗೆ.

ಐದು ದಿನದ ಮೇಲೆ ಇಂಜೆಕ್ಷನ್ ನಿಲ್ಲಿಸಿ, ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಅಮ್ಮ ತನ್ನ ಎರಡೂ ಕಾಲ ಮೇಲೆ ಆಸ್ಪತ್ರೆಯ ಮೆಟ್ಟಿಲಿಳಿದಳು. ಆ ರಾತ್ರಿಯೇ ಯಾಕೆ ಮಣ್ಣು ತೊಳೆಯಲಿಲ್ಲ ಅಂತ ಈಗಲೂ ಮನಸ್ಸು ಚುಚ್ಚುತ್ತದೆ.

ನಿಮ್ಮ ಮನೆಯಲ್ಲಿ ಗಾಯದ ಮೇಲೆ ಏನು ಮೆತ್ತಿದ್ದರು? ಅರಿಸಿನವೋ, ಕಾಫಿಪುಡಿಯೋ, ಸುಣ್ಣವೋ? ಅದನ್ನು ತೊಳೆದವರು ಯಾರು, ಯಾವಾಗ? ನಾಚಿಕೊಳ್ಳದೆ ಕೆಳಗೆ ಬರೆಯಿರಿ. ನಾನು ನನ್ನದನ್ನು ಹೇಳಿಯಾಯಿತು.