ನೋಡದೆ ಬಿಟ್ಟ ಮೊದಲ ಗುಂಪು

ನಾನು ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಶಬ್ದಕ್ಕೆ ಮರುಳಾಗಬೇಡಿ. ಹನ್ನೊಂದು ವರ್ಷದಿಂದ ಅದೇ ಕಾಲೇಜಿನಲ್ಲಿ ಅತಿಥಿ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಇಂಟರ್‌ವ್ಯೂ, ಪ್ರತಿ ಮಾರ್ಚ್‌ನಲ್ಲಿ ಬಿಡುಗಡೆ. ಬದಿಯಡ್ಕದಲ್ಲಿ ಬಸ್ಸು ಹತ್ತಿ ಮುಳ್ಳೇರಿಯದ ವರೆಗೆ ನಿಂತೇ ಹೋಗಿ, ಕಂಪ್ಯೂಟರ್ ಲ್ಯಾಬಿನಲ್ಲಿ ಸಂಜೆಯ ವರೆಗೆ ನಿಂತು, ಮತ್ತೆ ನಿಂತೇ ಬರುವುದು. ನನ್ನ ವೃತ್ತಿಯಲ್ಲಿ ಮೊದಲು ಸವೆದದ್ದು ಕಾಲು, ಆಮೇಲೆ ತಾಳ್ಮೆ.

ನಮ್ಮಲ್ಲಿ ಲ್ಯಾಬ್ ರೆಕಾರ್ಡ್ ಎಂಬುದೊಂದು ಉಂಟು. ವರ್ಷವಿಡೀ ಮಾಡಿದ ಪ್ರೋಗ್ರಾಮುಗಳನ್ನು ಅಂದವಾಗಿ ಬರೆದ ಪುಸ್ತಕ. ಅದಕ್ಕೆ ಟೀಚರ್ ಸಹಿ ಬೀಳದೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವ ಹಾಗಿಲ್ಲ. ಹನ್ನೊಂದು ವರ್ಷದ ಹಿಂದೆ ನಾನು ಬರೆದುಕೊಟ್ಟ ಪ್ರತಿಯನ್ನೇ ಎಲ್ಲ ಬ್ಯಾಚಿನವರೂ ನಕಲು ಮಾಡುತ್ತಾ ಬಂದಿದ್ದರು. ನಾನು ಪುಟ ತಿರುವಿ, ಅಂಚಿಗೆ ಗೆರೆ ಎಳೆದಿದ್ದಾರೋ ಎಂದು ನೋಡಿ ಸಹಿ ಹಾಕುತ್ತಿದ್ದೆ. ಒಳಗೆ ಏನು ಬರೆದಿದೆ ಎಂದು ಓದುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ.

ಅದರಲ್ಲಿ ಹದಿನಾಲ್ಕನೆಯ ಪ್ರೋಗ್ರಾಮ್ ಸ್ವಲ್ಪ ತಲೆ ತಿನ್ನುವಂಥದ್ದು. ಏರಿಕೆಯ ಕ್ರಮದಲ್ಲಿರುವ ಕೆಲವು ಸಂಖ್ಯೆಗಳ ಪಟ್ಟಿಗಳಿವೆ. ಪ್ರತಿ ಪಟ್ಟಿಯಿಂದ ಕನಿಷ್ಠ ಒಂದು ಸಂಖ್ಯೆಯಾದರೂ ಒಳಗೆ ಬರುವಂತಹ ಅತಿ ಕಿರಿದಾದ ವ್ಯಾಪ್ತಿಯನ್ನು ಹುಡುಕಬೇಕು. ಮಕ್ಕಳಿಗೆ ನಾನು ಬಸ್ ಸ್ಟ್ಯಾಂಡಿನ ಲೆಕ್ಕದಲ್ಲಿ ಹೇಳುತ್ತಿದ್ದೆ. ಮೂರು ದಿಕ್ಕಿನ ಬಸ್ಸುಗಳ ಸಮಯಪಟ್ಟಿ ಉಂಟು. ಮೂರೂ ಕಡೆಯ ಒಂದೊಂದು ಬಸ್ಸನ್ನು ನೋಡಬೇಕಾದರೆ ಅತಿ ಕಡಿಮೆ ಎಷ್ಟು ಹೊತ್ತು ನಿಂತರೆ ಸಾಕು, ಯಾವಾಗಿನಿಂದ ಯಾವಾಗಿನ ವರೆಗೆ?

ದಾರಿ ಹೀಗೆ. ಪ್ರತಿ ಪಟ್ಟಿಯ ಮೊದಲ ಸಂಖ್ಯೆಯನ್ನು ತೆಗೆದು ಹೀಪಿಗೆ ಹಾಕಬೇಕು. ಹೀಪ್ ಅಂದರೆ ಅತಿ ಚಿಕ್ಕದು ಯಾವಾಗಲೂ ಮೇಲೆ ಬಂದು ಕೂರುವ ಒಂದು ವ್ಯವಸ್ಥೆ. ಅತಿ ದೊಡ್ಡದು ಯಾವುದೆಂದು ಅದು ಹೇಳುವುದಿಲ್ಲ, ಅದನ್ನು ನಾವೇ ಬೇರೆ ನೆನಪಿಟ್ಟುಕೊಳ್ಳಬೇಕು. ದೊಡ್ಡದು ಮತ್ತು ಚಿಕ್ಕದರ ನಡುವಿನ ಅಂತರವೇ ಆ ಗುಂಪಿನ ವ್ಯಾಪ್ತಿ. ಆಮೇಲೆ ಚಿಕ್ಕದನ್ನು ತೆಗೆದು, ಅದು ಬಂದ ಪಟ್ಟಿಯಿಂದಲೇ ಮುಂದಿನ ಸಂಖ್ಯೆಯನ್ನು ಹಾಕುವುದು, ಪುನಃ ಅಂತರ ನೋಡಿ, ಈ ವರೆಗಿನದಕ್ಕಿಂತ ಕಡಿಮೆ ಇದ್ದರೆ ಅದನ್ನು ಬರೆದಿಡುವುದು. ತೆಗೆದ ಪಟ್ಟಿಯಲ್ಲಿ ಮುಂದೆ ಸಂಖ್ಯೆ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು, ಯಾಕೆಂದರೆ ಇನ್ನು ಎಲ್ಲ ಪಟ್ಟಿಯವರೂ ಒಳಗಿರುವುದಿಲ್ಲ.

ಆ ವರ್ಷ ಒಬ್ಬಳು ವಿದ್ಯಾರ್ಥಿನಿ ಇದ್ದಳು. ಮದುವೆಯಾಗಿ, ಓದು ನಿಂತು, ಮಗು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ವಾಪಸು ಬಂದವಳು. ಈ ಒಂದು ಪ್ರಾಕ್ಟಿಕಲ್ ಮಾತ್ರ ಬಾಕಿ. ಅದಕ್ಕೂ ಅವಳಿಗೆ ಇದ್ದದ್ದು ಇದೊಂದೇ ಕೊನೆಯ ಅವಕಾಶ. ಇದು ಹೋದರೆ ಡಿಗ್ರಿಯೇ ಇಲ್ಲ. ನಮ್ಮ ಕಡೆಯ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಂಪೆನಿಯವರು ಸರ್ಟಿಫಿಕೇಟ್ ತಂದರೆ ಕೆಲಸ ಕೊಡುತ್ತೇವೆ ಎಂದಿದ್ದರಂತೆ.

ಪರೀಕ್ಷೆಗೆ ವಾರವಿರುವಾಗ ಅವಳು ರೆಕಾರ್ಡ್ ತಂದಳು. ಮೇಜಿನ ಮೇಲೆ ಇನ್ನೂ ಮೂವತ್ತು ರೆಕಾರ್ಡುಗಳ ರಾಶಿ. ಹದಿನಾಲ್ಕನೆಯ ಪ್ರೋಗ್ರಾಮಿನ ಬದಿಯಲ್ಲಿ ಪೆನ್ಸಿಲಿನಿಂದ ಒಂದು ಬಾಣ ಎಳೆದಿದ್ದಳು, ಕೆಳಗಿನ ಎರಡು ಸಾಲಿನಿಂದ ಮೇಲಕ್ಕೆ.

"ಎಂತ ಇದು?"

"ಮಿಸ್, ಇದರಲ್ಲಿ ಹೊಸ ಸಂಖ್ಯೆ ಹಾಕಿದ ಮೇಲೆ ಮಾತ್ರ ಅಂತರ ನೋಡುದು. ಹಾಗಾದ್ರೆ ಮೊದಲನೇ ಗುಂಪನ್ನು ನೋಡ್ಲಿಕ್ಕೇ ಇಲ್ವಲ್ಲ? ಈ ಎರಡು ಸಾಲು ಮೇಲೆ ಹೋದ್ರೆ..."

"ಔಟ್‌ಪುಟ್ ಸರಿ ಬರ್ತದಲ್ಲ?"

"ರೆಕಾರ್ಡಿನಲ್ಲಿ ಕೊಟ್ಟ ಸಂಖ್ಯೆಗಳಿಗೆ ಬರ್ತದೆ ಮಿಸ್. ಆದ್ರೆ..."

"ಮತ್ತೆಂತ ಮಾರಾಯ್ತಿ? ಒಬ್ಬಳದ್ದು ಬೇರೆ ಇದ್ರೆ ಮೂವತ್ತು ಜನ ಬಂದು ಕೇಳ್ತಾರೆ. ಅದನ್ನು ಅಳಿಸು, ಸಹಿ ಹಾಕ್ತೇನೆ. ಪರೀಕ್ಷೆಯಲ್ಲಿಯೂ ಇದನ್ನೇ ಬರಿ."

ಅವಳು ನನ್ನೆದುರೇ ರಬ್ಬರ್ ತೆಗೆದು ಅಳಿಸಿದಳು. ನಾನು ಸಹಿ ಹಾಕಿದೆ. ಬಸ್ಸಿಗೆ ಹೊತ್ತಾಗಿತ್ತು ಎಂದು ಇವತ್ತು ಹೇಳಬಹುದು. ಆದರೆ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಪರೀಕ್ಷೆಯ ದಿನ ಅವಳು ಎತ್ತಿದ ಚೀಟಿಯಲ್ಲಿ ಬಂದದ್ದು ಅದೇ ಹದಿನಾಲ್ಕು. ಕಲಿತದ್ದನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿದಳು. ರೆಕಾರ್ಡಿನಲ್ಲಿದ್ದ ಸಂಖ್ಯೆಗಳನ್ನೇ ಕೊಟ್ಟಾಗ ಹನ್ನೊಂದರಿಂದ ಹದಿನಾಲ್ಕು ಎಂದು ಸರಿಯಾದ ಉತ್ತರವೇ ಬಂತು. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಅವರೂ ನನ್ನಷ್ಟೇ ದಣಿದಂತಿದ್ದರು. ಕಣ್ಣಿಗೇ ಉತ್ತರ ಗೊತ್ತಾಗುವ ಹಾಗೆ ಬೇರೆ ಸಂಖ್ಯೆ ಹೇಳಿದರು. ಮೊದಲ ಪಟ್ಟಿಗೆ ಐದು, ಹದಿನಾರು, ಮೂವತ್ತು. ಎರಡನೆಯದಕ್ಕೆ ಆರು, ಹತ್ತೊಂಬತ್ತು. ಮೂರನೆಯದಕ್ಕೆ ಏಳು, ಇಪ್ಪತ್ತೈದು, ನಲವತ್ತು.

ಐದು, ಆರು, ಏಳು. ಶುರುವಿನಲ್ಲೇ ಉತ್ತರ ಕೂತಿದೆ. ಪರದೆಯ ಮೇಲೆ ಮಾತ್ರ ಹದಿನಾರರಿಂದ ಇಪ್ಪತ್ತೈದು ಎಂದು ಬಂತು.

"ಐದರಿಂದ ಏಳಲ್ಲವಾ ಬರಬೇಕಾದ್ದು?" ಎಂದರು ಪರೀಕ್ಷಕರು. "ಮೊದಲಿನ ಗುಂಪನ್ನು ಹೋಲಿಸಿಯೇ ಇಲ್ಲ ನೀನು. ಯಾಕೆ?"

ಅವಳು ನನ್ನ ಕಡೆ ನೋಡಲಿಲ್ಲ. "ಮರೆತುಹೋಯ್ತು ಸರ್," ಎಂದಳು.

ಅವರ ಪೆನ್ನು ಅಂಕದ ಹಾಳೆಯ ಮೇಲೆ ಬಂತು. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾತಾಡಿದರೆ ಹನ್ನೊಂದು ವರ್ಷ ತಪ್ಪು ಪಾಠ ಮಾಡಿದ ಅತಿಥಿಯನ್ನು ಜೂನ್‌ನಲ್ಲಿ ಯಾರು ಕರೆಯುತ್ತಾರೆ? ಇಷ್ಟೆಲ್ಲ ಯೋಚಿಸಿದೆ ಎಂಬುದು ನಾಚಿಕೆಯ ವಿಷಯ. ಮಕ್ಕಳಿಗೆ ಪ್ರಾಮಾಣಿಕತೆಯ ಬಗ್ಗೆ ಭಾಷಣ ಬಿಗಿಯುವವಳು ನಾನೇ.

ಅಷ್ಟರಲ್ಲಿ ಅವರು ಅವಳ ರೆಕಾರ್ಡನ್ನು ತೆರೆದರು. ಕಿಟಕಿಯ ಬೆಳಕಿಗೆ ಆ ಪುಟದ ಅಂಚಿನಲ್ಲಿ ಅಳಿಸಿದ ಬಾಣದ ಗುರುತು ಕಾಣುತ್ತಿತ್ತು, ಕಾಗದ ಸ್ವಲ್ಪ ಎದ್ದು ನಿಂತಿತ್ತು. ಕೆಳಗೆ ಹಸಿರು ಶಾಯಿಯಲ್ಲಿ ನನ್ನ ಸಹಿ. ಅವರು ಅದರ ಮೇಲೆ ಬೆರಳಾಡಿಸಿದರು.

"ಸರ್, ಅದು ನನ್ನ ತಪ್ಪು," ಎಂದೆ. "ಅವಳಿಗೆ ಗೊತ್ತಿತ್ತು. ಬಾಣ ಹಾಕಿ ತೋರಿಸಿದ್ದಳು. ನಾನೇ ಅಳಿಸಲಿಕ್ಕೆ ಹೇಳಿದ್ದು, ಇದನ್ನೇ ಬರಿ ಅಂತಲೂ ಹೇಳಿದ್ದೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಗಡಿಯಾರ ನೋಡಿ, "ಇನ್ನು ಹದಿನೈದು ನಿಮಿಷ ಉಂಟು. ಸಮಯ ಮುಗಿಯುವ ವರೆಗೆ ತಿದ್ದಬಹುದು. ತಿದ್ದಮ್ಮ," ಎಂದರು.

ಅವಳಿಗೆ ಹದಿನೈದು ನಿಮಿಷ ಬೇಕಾಗಲಿಲ್ಲ. ಅಂತರ ನೋಡುವ ಎರಡು ಸಾಲನ್ನು ಎತ್ತಿ, ಚಿಕ್ಕದನ್ನು ತೆಗೆಯುವ ಸಾಲಿಗಿಂತ ಮೇಲೆ ಇಟ್ಟಳು. ಐದರಿಂದ ಏಳು ಎಂದು ಬಂತು. ಪುನಃ ರೆಕಾರ್ಡಿನ ಸಂಖ್ಯೆ ಕೊಟ್ಟಳು, ಅದೂ ಸರಿ ಬಂತು. ಪರೀಕ್ಷಕರು ಅಂಕ ಬರೆದು, ನನ್ನ ಸಹಿಯ ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಅವಳು ಪಾಸಾದಳು.

ಸಂಜೆ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ಎಷ್ಟು ಹೊತ್ತೆಂದು ಕ್ಷಮೆ ಕೇಳಲು ಶಬ್ದ ಹುಡುಕುವುದು? ಕೊನೆಗೆ ಬೇರೆಯೇ ಕೇಳಿದೆ.

"ಮರೆತುಹೋಯ್ತು ಅಂತ ಯಾಕೆ ಹೇಳಿದೆ? ಮಿಸ್ ಹೇಳಿದ್ದು ಅಂತ ಹೇಳ್ಬಹುದಿತ್ತಲ್ಲ."

ಅವಳು ರೆಕಾರ್ಡನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. "ನಾನು ಹೇಳಿ, ನೀವು ಇಲ್ಲ ಅಂದಿದ್ರೆ ಎಂತ ಮಾಡುದು ಮಿಸ್? ನೀವು ಹೌದು ಅಂತೀರಿ ಅಂತ ನನಗೆ ಗೊತ್ತಿರ್ಲಿಲ್ಲ."

ಬಸ್ಸು ಬಂತು. ಸೀಟು ಖಾಲಿ ಇತ್ತು, ಆದರೂ ನಾನು ನಿಂತೇ ಬಂದೆ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪರೀಕ್ಷಕರೆದುರು ಬಾಯಿ ಬಿಡುವ ವರೆಗೆ ಅದು ನನಗೂ ಗೊತ್ತಿರಲಿಲ್ಲ.