ಲೇಬಲ್ ಇಲ್ಲದ ಹನ್ನೊಂದು ಬಟನ್‌ಗಳು

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಅಕ್ಕನಿಗೆ ಒಂದೇ ಒಂದು ಜಂಬವಿತ್ತು. ಊರಿನವರ ಪ್ರೇಮ, ಜಗಳ, ಆಸ್ತಿ ವ್ಯಾಜ್ಯ ಎಲ್ಲವನ್ನೂ ಒಂದು ತಂತಿಯಿಂದ ಇನ್ನೊಂದಕ್ಕೆ ಸಿಕ್ಕಿಸಿದ ಆ ಕೈಗಳು ಒಮ್ಮೆಯೂ ತಪ್ಪು ಜಾಗಕ್ಕೆ ಕರೆ ಕಳಿಸಿರಲಿಲ್ಲ. ಅರವತ್ತಾರನೆಯ ವಯಸ್ಸಿಗೆ ಗ್ಲಾಕೋಮಾ ಬಂದು ಎರಡೂ ಕಣ್ಣನ್ನು ಕಿತ್ತುಕೊಂಡು ಹೋಯಿತು. "ಕಿವಿ ಬಿಟ್ಟು ಹೋಗಿದೆಯಲ್ಲ, ದೊಡ್ಡ ಮನಸ್ಸು ಅದರದ್ದು" ಎಂದಳು ಅಕ್ಕ, ಸಮಾಧಾನ ಹೇಳಲು ಬಂದವರಿಗೆ. ಬಂದವರು ಕಾಫಿ ಕುಡಿದು ಎದ್ದು ಹೋದರು.

ಆ ಕಿವಿಯ ಹೊಟ್ಟೆ ತುಂಬಿಸುತ್ತಿದ್ದದ್ದು ಹಾಡು. ಕಣ್ಣಾಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ವಾರಕ್ಕೆರಡು ದಿನ ಪಾಠ ಮಾಡುತ್ತಿದ್ದ ಮೇಷ್ಟ್ರು ಅವಳಿಗೆ ಪರದೆಯಲ್ಲಿರುವುದನ್ನು ಫೋನೇ ಓದಿ ಹೇಳುವ ಸ್ಕ್ರೀನ್ ರೀಡರ್ ಕಲಿಸಿದ್ದರು. ಹುಟ್ಟುಕುರುಡರಾದ ಮೇಷ್ಟ್ರ ಬೋಧನೆಯಲ್ಲಿ ಕನಿಕರಕ್ಕೆ ಜಾಗವಿರಲಿಲ್ಲ. "ಪರದೆ ಮೇಲೆ ಒಂದು ಬೆರಳು ಬಲಕ್ಕೆ ಸರಿಸಿ, ಮುಂದಿನದನ್ನ ಓದುತ್ತೆ. ಬೇಕಾದದ್ದು ಸಿಕ್ಕಿದ ಮೇಲೆ ಎರಡು ಸಲ ತಟ್ಟಿ, ಕೆಲಸ ಮಾಡುತ್ತೆ. ಇಷ್ಟಕ್ಕೆ ಅಳೋದು ಯಾಕೆ?" ಅಕ್ಕ ಮೂರು ವಾರ ಅತ್ತಳು, ನಾಲ್ಕನೆಯ ವಾರ ಕಲಿತಳು. ಐದನೆಯ ತಿಂಗಳಿಗೆ ಫೋನಿನ ಧ್ವನಿಯ ವೇಗವನ್ನು ಎಷ್ಟು ಏರಿಸಿದಳೆಂದರೆ, ಪಕ್ಕದಲ್ಲಿ ಕೂತ ತಂಗಿಗೆ ಅದು ಕಡಲೆ ಹುರಿದಂತೆ ಕೇಳಿಸುತ್ತಿತ್ತು.

ತಂಗಿ ಜೊತೆಗೇ ಇದ್ದಳು. ಬ್ಯೂಟಿ ಪಾರ್ಲರ್ ನಡೆಸಿ ನಿವೃತ್ತಳಾದವಳು. ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು "ನನಗೆ ಕಣ್ಣು ಚೆನ್ನಾಗೇ ಇದೆ, ಅಕ್ಷರಗಳೇ ಸಣ್ಣ ಆಗಿವೆ" ಎಂದು ವಾದಿಸುತ್ತಿದ್ದಳು. ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರವನ್ನು ಅತಿ ದೊಡ್ಡದಕ್ಕೆ ಇಟ್ಟಿದ್ದಳು. ಇಬ್ಬರೂ ಒಂದೇ ಹಾಡಿನ ಆ್ಯಪ್ ಬಳಸುತ್ತಿದ್ದರು. ನಾಲ್ಕು ವರ್ಷದಲ್ಲಿ ಅಕ್ಕ ಒಂದೊಂದಾಗಿ ಹುಡುಕಿ ಮುನ್ನೂರ ಹನ್ನೆರಡು ಹಾಡಿನ ಪಟ್ಟಿಯೊಂದನ್ನು ಕಟ್ಟಿದ್ದಳು. ಎಕ್ಸ್‌ಚೇಂಜಿನಲ್ಲಿ ರಾತ್ರಿಪಾಳಿ ಮಾಡುವಾಗ ಯಾರೋ ಯಾರಿಗೋ ಫೋನಿನಲ್ಲಿ ಹಾಡಿ ಕೇಳಿಸಿದ್ದ ಹಾಡುಗಳೂ ಅದರಲ್ಲಿದ್ದವು. ಕದ್ದು ಕೇಳಿದ್ದಲ್ಲ, ತಂತಿ ಸರಿಯಿದೆಯೇ ಎಂದು ಪರೀಕ್ಷಿಸಿದ್ದು ಎನ್ನುವುದು ಅಕ್ಕನ ವಿವರಣೆ.

ಒಂದು ಬೆಳಿಗ್ಗೆ ಆ್ಯಪ್ ತನ್ನಷ್ಟಕ್ಕೆ ತಾನೇ ಹೊಸದಾಯಿತು. 'ಹಗುರ, ಸ್ವಚ್ಛ, ಸುಂದರ' ಎಂದು ಕಂಪನಿ ಹೇಳಿಕೊಂಡಿತ್ತು. ಸ್ವಚ್ಛ ಮಾಡುವ ಭರದಲ್ಲಿ ಅಕ್ಷರಗಳನ್ನೆಲ್ಲ ಗುಡಿಸಿ ಎಸೆದು, ಆ ಜಾಗದಲ್ಲಿ ಪುಟ್ಟ ಪುಟ್ಟ ಚಿತ್ರಗಳನ್ನು ಕೂರಿಸಿದ್ದರು. ಚಿತ್ರಗಳ ಹಿಂದೆ ಸ್ಕ್ರೀನ್ ರೀಡರ್ ಓದಲೆಂದು ಹೆಸರು ಬರೆಯುವುದನ್ನು ಮಾತ್ರ ಮರೆತಿದ್ದರು. ಅಕ್ಕ ಬೆರಳು ಸರಿಸಿದಳು.

"ಲೇಬಲ್ ಇಲ್ಲ, ಬಟನ್" ಎಂದಿತು ಫೋನು.

ಮತ್ತೆ ಸರಿಸಿದಳು. "ಲೇಬಲ್ ಇಲ್ಲ, ಬಟನ್."

ಹೀಗೆ ಹನ್ನೊಂದು. ಹನ್ನೊಂದು ಬಾಗಿಲು, ಒಂದಕ್ಕೂ ಬೋರ್ಡಿಲ್ಲ. ಮುಂದಿನ ಹಾಡಿಗೆ ಹೋಗಲು ಯಾವುದೋ ಒಂದನ್ನು ತಟ್ಟಿದಳು. ಒಂದು ಮೆನು ತೆರೆದುಕೊಂಡಿತು, ಅಲ್ಲಿಯೂ ಅನಾಮಧೇಯರ ಸಾಲು. ಇನ್ನೊಂದನ್ನು ತಟ್ಟಿದಳು. ಫೋನು ತುಟಿ ಪಿಟಕ್ಕೆನ್ನಲಿಲ್ಲ.

ಅಡುಗೆಮನೆಯಿಂದ ಬಂದ ತಂಗಿ ಬಗ್ಗಿ ನೋಡಿದಳು. "ಅಕ್ಕಾ, ಕೆಳಗೆ ಏನೋ ಬರಹ ಬಂತು. 'ಅಳಿಸಲಾಗಿದೆ, ರದ್ದು ಮಾಡಿ' ಅಂತ... ಅಯ್ಯೋ, ಹೋಯ್ತು."

"ಏನು ಹೋಯ್ತು?"

"ಆ ಬರಹ. ಐದು ಸೆಕೆಂಡೂ ಇರಲಿಲ್ಲ ನೋಡು."

ಹೋದದ್ದು ಬರಹ ಮಾತ್ರವಲ್ಲ, ಮುನ್ನೂರ ಹನ್ನೆರಡು ಹಾಡುಗಳೂ ಹೋಗಿದ್ದವು. ಕಣ್ಣಿದ್ದವರಿಗೆ ಐದು ಸೆಕೆಂಡಿನ ಅವಕಾಶ ಕೊಟ್ಟಿದ್ದ ಕಂಪನಿ, ಅದನ್ನು ಗಟ್ಟಿಯಾಗಿ ಓದಿಸುವ ತೊಂದರೆ ತೆಗೆದುಕೊಂಡಿರಲಿಲ್ಲ. ಮೂವತ್ತೊಂದು ವರ್ಷ ತಪ್ಪದ ಕೈ ಅಂದು ತಪ್ಪಿತು.

ಮರುದಿನ ಸಹಾಯವಾಣಿಗೆ ಫೋನ್ ಮಾಡಿದಳು. ಆ ಕಡೆಯವನು ಬಹಳ ವಿನಯವಂತ.

"ಮೇಡಂ, ಬಲಗಡೆ ಮೇಲೆ ಮೂರು ಚುಕ್ಕಿ ಕಾಣ್ತಿದ್ಯಾ?"

"ಇಲ್ಲಪ್ಪಾ."

"ಸ್ವಲ್ಪ ಸರಿಯಾಗಿ ನೋಡಿ ಮೇಡಂ. ಬೂದು ಬಣ್ಣದಲ್ಲಿದೆ."

"ಐದು ವರ್ಷದಿಂದ ಸರಿಯಾಗೇ ನೋಡ್ತಿದೀನಿ ಮಗಾ. ಬೂದು ಬಣ್ಣ ಇರಲಿ, ಸೂರ್ಯನೇ ಕಾಣ್ತಿಲ್ಲ."

ಆತ ಬರೆದುಕೊಟ್ಟದ್ದನ್ನು ಓದಿದ: "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡ್ತೀರಿ ಅಂತ ಪರದೆ ಮೇಲೆ ಒತ್ತಿ ಮೇಡಂ." ಅಕ್ಕ ಒತ್ತಲು ಹೋದಳು. ನಕ್ಷತ್ರಗಳಿಗೂ ಲೇಬಲ್ ಇರಲಿಲ್ಲ.

ಎರಡು ತಿಂಗಳು ಇದೇ ಪಾಡು. ಹಾಡು ಕೇಳಬೇಕೆಂದರೆ ತಂಗಿಯನ್ನು ಕರೆಯಬೇಕು. ತಂಗಿಯ ಪರದೆಯಲ್ಲೋ ದೊಡ್ಡ ಅಕ್ಷರಗಳು ಹೊಸ ಚೌಕಟ್ಟಿನೊಳಗೆ ಹಿಡಿಸದೆ, ಪ್ರತಿ ಹಾಡಿನ ಹೆಸರೂ ಮೊದಲ ಎರಡು ಅಕ್ಷರದ ಬಳಿಕ ಮೂರು ಚುಕ್ಕಿಯಾಗಿ ಸಾಯುತ್ತಿತ್ತು. "'ಮನ' ಅಂತಿದೆ ಅಕ್ಕ. ಮನಸೋ, ಮನವಿಯೋ, ಮನರಂಜನೆಯೋ ಯಾರಿಗೆ ಗೊತ್ತು, ಹಾಕ್ಲಾ?"

ಅಷ್ಟರಲ್ಲಿ ಮೇಷ್ಟ್ರಿಂದ ಕರೆ ಬಂತು. ಅದೇ ಕಂಪನಿ 'ಹಿರಿಯರ ಮೋಡ್' ತಯಾರಿಸಿದೆಯಂತೆ. ಪರೀಕ್ಷಿಸಿ ನೋಡಲು ವಯಸ್ಸಾದವರು ಬೇಕಂತೆ. "ನಿಮ್ಮ ಹೆಸರು ಕೊಟ್ಟಿದೀನಿ" ಎಂದರು ಮೇಷ್ಟ್ರು. "ಅವರಿಗೂ ಸ್ವಲ್ಪ ಕಷ್ಟ ಗೊತ್ತಾಗಲಿ."

ಕಂಪನಿಯ ಆಫೀಸು ಮೂರನೆಯ ಮಹಡಿಯಲ್ಲಿತ್ತು. ಲಿಫ್ಟಿನ ಬಟನ್‌ಗಳು ನುಣ್ಣಗೆ ಗಾಜಿನವು, ಬೆರಳಿಗೆ ಒಂದೂ ಸಿಗಲಿಲ್ಲ. ಒಳಗೆ ಕುರ್ಚಿಯ ಬದಲು ಮೆತ್ತನೆಯ ಮೂಟೆಗಳಿದ್ದವು. ತಂಗಿ ಒಂದರಲ್ಲಿ ಕೂತವಳು ಸೊಂಟದವರೆಗೆ ಮುಳುಗಿ, "ಅಕ್ಕಾ, ಇದರಿಂದ ಏಳಿಸೋಕೂ ಒಂದು ಆ್ಯಪ್ ಇದ್ಯಾ ಕೇಳು" ಎಂದಳು.

ಮುಖ್ಯಸ್ಥ ಬಂದ. ಅವನ ದನಿಯಲ್ಲಿ ಮಕ್ಕಳ ಜೊತೆ ಮಾತಾಡುವವರ ಜೇನುತುಪ್ಪವಿತ್ತು. ಕೋಡ್ ಬರೆಯುವ ಹುಡುಗಿಯೊಬ್ಬಳು ಜೊತೆಗಿದ್ದಳು, ಕೀಲಿಮಣೆಯ ಟಕಟಕ ಬಿಟ್ಟರೆ ಅವಳ ಸದ್ದಿಲ್ಲ. ಅಕ್ಕನ ಫೋನಿಗೆ ಕಂಪನಿಯ ಪರೀಕ್ಷಾ ಖಾತೆ ಹಾಕಿ ಹೊಸ ಮೋಡ್ ತೆರೆದುಕೊಟ್ಟಳು.

"ಅಜ್ಜೀ, ನಿಮಗೋಸ್ಕರ ಎಲ್ಲಾ ಸುಲಭ ಮಾಡಿದೀವಿ. ಮೂರೇ ಮೂರು ದೊಡ್ಡ ಬಟನ್! ಹೋಮ್ ಪೇಜಲ್ಲಿ ನಿದ್ದೆಗೆ ಕೊಳಲು, ಮನಃಶಾಂತಿಗೆ ವೀಣೆ..."

"ಕುಣಿಯೋಕೆ ಏನಿದೆ?" ಎಂದಳು ತಂಗಿ, ಮೂಟೆಯಿಂದ.

ಮುಖ್ಯಸ್ಥ ನಕ್ಕ. ಅದು ತಮಾಷೆ ಎಂದುಕೊಂಡಿದ್ದ.

"ಮೋಡ್ ಆನ್ ಮಾಡೋದು ಎಲ್ಲಿ?" ಅಕ್ಕ ಕೇಳಿದಳು.

"ತುಂಬಾ ಈಸಿ. ಪ್ರೊಫೈಲ್, ಅಲ್ಲಿಂದ ಸೆಟ್ಟಿಂಗ್ಸ್, ಅಲ್ಲಿಂದ ಡಿಸ್‌ಪ್ಲೇ, ಕೆಳಗೆ 'ಇನ್ನಷ್ಟು', ಅದರೊಳಗೆ ಕೊನೇದು."

"ಅಂದ್ರೆ ಕಷ್ಟದ ದಾರಿಯಲ್ಲಿ ಐದು ಮನೆ ದಾಟಿ ಬಂದವರಿಗೆ ಮಾತ್ರ ಸುಲಭದ ದಾರಿ ತೋರಿಸ್ತೀರಿ. ಒಳ್ಳೇದು. ಆ ಮೂರು ಬಟನ್ ಓದಿಸ್ಲಾ?"

ಅಕ್ಕ ಬೆರಳು ಸರಿಸಿದಳು. ಕೋಣೆಯ ತುಂಬ ಮೂರು ಸಲ ಕೇಳಿಸಿತು: ಲೇಬಲ್ ಇಲ್ಲ, ಬಟನ್.

ಕೀಲಿಮಣೆಯ ಟಕಟಕ ನಿಂತಿತು. ಮುಖ್ಯಸ್ಥ ಗಂಟಲು ಸರಿಮಾಡಿಕೊಂಡು, ಬಟನ್ನಿನ ಬಣ್ಣ ಎಷ್ಟು ಎದ್ದು ಕಾಣುತ್ತದೆಂದು ವರ್ಣಿಸತೊಡಗಿದ. ಅಕ್ಕ ಮೂರು ಬೆರಳಲ್ಲಿ ಏನೋ ತಟ್ಟಿ ಫೋನನ್ನು ಅವನ ಕೈಗಿತ್ತಳು. ಪರದೆ ಕಪ್ಪಾಗಿತ್ತು, ಧ್ವನಿ ಮಾತ್ರ ಬದುಕಿತ್ತು. ಸ್ಕ್ರೀನ್ ರೀಡರ್ ಬಳಸುವವರು ಪಕ್ಕದವರು ಇಣುಕದಿರಲೆಂದು ಹೀಗೆ ಪರದೆಗೆ ತೆರೆ ಎಳೆಯುವುದುಂಟು.

"ಈಗ ಇದರಲ್ಲಿ ಒಂದು ಹಾಡು ಹಾಕಿ. ಯಾವುದಾದ್ರೂ ಸರಿ, ಕೊಳಲಾದ್ರೂ ಪರವಾಗಿಲ್ಲ."

ಮುಖ್ಯಸ್ಥ ಬೆರಳು ಸರಿಸಿದ, ತಟ್ಟಿದ, ಮತ್ತೆ ಸರಿಸಿದ. ಲೇಬಲ್ ಇಲ್ಲ. ಲೇಬಲ್ ಇಲ್ಲ. ಏಳು ನಿಮಿಷವಾದ ಮೇಲೆ ಏಸಿಯ ಚಳಿಯಲ್ಲೂ ಬೆವರಿದ. ಕೊನೆಗೆ ಅವನು ತಟ್ಟಿದ ಬಟನ್ ಹಾಡು ಹಾಕಲಿಲ್ಲ. ಕಂಪನಿಯ ಪರೀಕ್ಷಾ ಖಾತೆಯಿಂದ ಹೊರಗೇ ಹಾಕಿತು.

ಅಕ್ಕ ಆಗ ತನ್ನ ಕಳೆದುಹೋದ ಪಟ್ಟಿಯ ಕಥೆ ಹೇಳಿದಳು. ಕೋಡಿನ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. "ಅಳಿಸಿದ ಪಟ್ಟಿ ತೊಂಬತ್ತು ದಿನ ನಮ್ಮಲ್ಲಿರುತ್ತೆ ಅಮ್ಮ. ಆ್ಯಪಲ್ಲೇ ಒಂದು ಪುಟ ಇದೆ, ವಾಪಸ್ ತರೋ ಬಟನ್ ಇದೆ. ಎಷ್ಟು ದಿನ ಆಯ್ತು?"

"ಇವತ್ತಿಗೆ ಅರವತ್ತೆಂಟು."

"ಹಾಗಾದ್ರೆ ನಾನೇ ಈಗಲೇ ತಂದುಕೊಡ್ತೀನಿ."

ಅಕ್ಕ ಫೋನನ್ನು ಎದೆಗೆ ಅವುಚಿಕೊಂಡಳು. "ಬೇಡ. ನೀನು ನನ್ನೊಬ್ಬಳಿಗೆ ತಂದುಕೊಟ್ಟರೆ ಇವರಿಗೆ ಕೆಲಸ ಮುಗೀತು. ಆ ಪುಟಕ್ಕೆ ಹೆಸರು ಬರಿ. ನಾನೇ ತರ್ತೀನಿ."

"ಅಕ್ಕಾ, ಹಠ ಮಾಡ್ಬೇಡ! ಇಪ್ಪತ್ತೆರಡೇ ದಿನ ಇರೋದು" ಎಂದು ತಂಗಿ ಏಳಲು ಹೋಗಿ ಮತ್ತೆ ಮುಳುಗಿದಳು.

"ಗೊತ್ತು. ಲೆಕ್ಕ ಹಾಕೋಕೆ ಕಣ್ಣು ಬೇಕಾಗಿಲ್ಲ."

ಹುಡುಗಿ ಅಂದು ಸಂಜೆಯೊಳಗೆ ಅಷ್ಟೂ ಬಟನ್‌ಗಳಿಗೆ ಹೆಸರು ಬರೆದಳು. ಒಂದೊಂದಕ್ಕೆ ಒಂದೊಂದು ಸಾಲು. 'ಅಳಿಸಲಾಗಿದೆ' ಎಂಬುದನ್ನು ಫೋನು ಓದಿ ಹೇಳುವಂತೆ, ಬಳಸುವವರು ಮುಚ್ಚುವವರೆಗೂ ನಿಲ್ಲುವಂತೆ ಮಾಡಿದಳು. ದೊಡ್ಡ ಅಕ್ಷರ ಬಂದಾಗ ಚೌಕಟ್ಟು ಬೆಳೆದು ಹೆಸರು ಎರಡು ಸಾಲಿಗೆ ಇಳಿಯುವಂತೆಯೂ ಮಾಡಿದಳು. ಕೆಲಸ ಮುಗಿದಿತ್ತು, ಬಿಡುಗಡೆಗೆ ಮುಖ್ಯಸ್ಥನ ಒಪ್ಪಿಗೆಯೊಂದೇ ಬಾಕಿ. ಅವನ ಮುಂದೆ ಅದಕ್ಕಿಂತ ತುರ್ತಾದ ವಿಷಯಗಳಿದ್ದವು: ಮೆಚ್ಚಿದ ಹಾಡಿನ ಪಕ್ಕದ ಹೃದಯದ ಚಿತ್ರ ಒಮ್ಮೆ ಮಿಡಿಯಬೇಕೋ ಎರಡು ಬಾರಿಯೋ ಎಂಬುದರ ಮೇಲೆ ಎರಡು ವಾರ ಸಭೆ ನಡೆಯಿತು.

ಅಕ್ಕ ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಅವನಿಗೆ ಫೋನ್ ಮಾಡಿದಳು. ಎಕ್ಸ್‌ಚೇಂಜಿನ ಆ ಹಳೆಯ ತಣ್ಣನೆಯ ದನಿಯಲ್ಲಿ ಒಂದೇ ಮಾತು: "ನಮಸ್ಕಾರ, ಎಪ್ಪತ್ತೊಂದನೇ ದಿನ." ಮರುದಿನ ಎಪ್ಪತ್ತೆರಡು. ಅವನು ಫೋನ್ ಎತ್ತುವುದನ್ನು ನಿಲ್ಲಿಸಿದಾಗ ಸ್ವಾಗತಕಾರಿಣಿಗೆ ಹೇಳಿದಳು. ಅವಳು ಅದನ್ನು ಕೋಣೆ ಕೋಣೆಗೂ ಮುಟ್ಟಿಸಿದಳು. ಎಂಬತ್ತನೆಯ ದಿನದ ಹೊತ್ತಿಗೆ ಇಡೀ ಆಫೀಸೇ ದಿನ ಎಣಿಸತೊಡಗಿತ್ತು. ಮನೆಯಲ್ಲಿ ಮಾತ್ರ ಅಕ್ಕ ಊಟ ಅರ್ಧಕ್ಕೇ ಬಿಟ್ಟೇಳುತ್ತಿದ್ದಳು. ಹುಡುಗಿಗೆ ಹೂಂ ಎಂದುಬಿಡಬಹುದಿತ್ತಲ್ಲ ಎಂದು ಒಳಗೊಳಗೇ ಕೊರೆಯುತ್ತಿದ್ದರೂ ತಂಗಿಯ ಮುಂದೆ ಒಪ್ಪಿಕೊಳ್ಳಲಿಲ್ಲ.

ಎಂಬತ್ತೊಂಬತ್ತನೆಯ ದಿನ ಮಧ್ಯಾಹ್ನ, ಕೊನೆಗೂ ಮುಖ್ಯಸ್ಥನ ಒಪ್ಪಿಗೆ ಸಿಕ್ಕಿ, ಹೊಸ ಆವೃತ್ತಿ ಬಂತು. ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಬೆರಳು ಸರಿಸಿದಳು. "ಹಿಂದಿನ ಹಾಡು, ಬಟನ್. ಪ್ಲೇ, ಬಟನ್. ಮುಂದಿನ ಹಾಡು, ಬಟನ್." ಒಂದೊಂದೂ ಹೆಸರು ಹೇಳಿಕೊಂಡು ಎದ್ದು ನಿಂತಿತು. ಅಳಿಸಿದ ಪಟ್ಟಿಗಳ ಪುಟ ಹುಡುಕಿದಳು. "ಮರಳಿ ತರು, ಬಟನ್." ಎರಡು ಸಲ ತಟ್ಟಿದಳು.

"ಪಟ್ಟಿ ಮರಳಿದೆ. ಮುನ್ನೂರ ಹನ್ನೆರಡು ಹಾಡು."

ಅಕ್ಕ ಧ್ವನಿಯ ವೇಗ ತಗ್ಗಿಸಿ ಅದನ್ನೇ ಇನ್ನೊಮ್ಮೆ ಓದಿಸಿದಳು. ತಂಗಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಕನ್ನಡಕವನ್ನಲ್ಲ.

ಮರುವಾರ ಕಂಪನಿಯ ಜಾಲತಾಣದಲ್ಲಿ ಮುಖ್ಯಸ್ಥನ ದೊಡ್ಡ ಲೇಖನ ಬಂತು: ಎಲ್ಲರನ್ನೂ ಒಳಗೊಳ್ಳುವ ಕನಸು ತನಗೆ ಬಾಲ್ಯದಿಂದಲೂ ಇತ್ತಂತೆ. ಲೇಖನದ ನಡುವೆ ಅವನ ನಗುಮುಖವಿತ್ತು, ಅದಕ್ಕೂ ಹೆಸರು ಬರೆದಿರಲಿಲ್ಲ. ಸ್ಕ್ರೀನ್ ರೀಡರ್ ಅದನ್ನು "ಚಿತ್ರ, ಐಎಂಜಿ ಸೊನ್ನೆ ಸೊನ್ನೆ ನಾಲ್ಕು" ಎಂದು ಓದಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಈಗ ಆ್ಯಪ್ ಬದಲಾಗುವ ಮೊದಲು ಹುಡುಗಿ ಅದನ್ನು ಅಕ್ಕನಿಗೂ ಮೇಷ್ಟ್ರಿಗೂ ಕಳಿಸುತ್ತಾಳೆ. ಮೇಷ್ಟ್ರು ತಪ್ಪುಗಳನ್ನು ಬರೆದು ಕಳಿಸುತ್ತಾರೆ, ಅಕ್ಕ ಫೋನಿನಲ್ಲಿ ಹೇಳುತ್ತಾಳೆ. ಹಿರಿಯರ ಮೋಡ್ ಮೊದಲ ಪುಟಕ್ಕೇ ಬಂದಿದೆ. ತಂಗಿಯ ಹೋಮ್ ಪೇಜಿನಲ್ಲಿ ಕೊಳಲು ಹೋಗಿ ಡೋಲು ಬಂದಿದೆ. ಸಂಜೆಯಾದರೆ ಕೆಳಮನೆಯವರು ಸೂರು ಅದುರುತ್ತದೆಂದು ದೂರಲು ಹತ್ತಿ ಬರುತ್ತಾರೆ. ತಂಗಿ ಬಾಗಿಲಲ್ಲೇ ನಿಂತು, "ವಯಸ್ಸಾದವರು ನೋಡಿ, ಶಾಂತಿಗೆ ಹಾಕ್ಕೊಂಡಿದೀವಿ" ಎನ್ನುತ್ತಾಳೆ.